ಗ್ರೂಪುಗಳಿಗೆ ಒಂದು ವಾರ ಮೌನ

ಹೋದ ವರ್ಷ ಮಾರ್ಚ್ ತಿಂಗಳು. ಒಂಬತ್ತನೇ ತರಗತಿಯ ಗಣಿತ ಪರೀಕ್ಷೆ ನಡೆಯುತ್ತಿತ್ತು. ಆ ಕೊಠಡಿಯ ಮೇಲ್ವಿಚಾರಣೆ ನನ್ನದು. ಬೆಲ್ ಹೊಡೆದು ಮುಕ್ಕಾಲು ಗಂಟೆ ಆಗಿತ್ತು. ಮಕ್ಕಳು ಒಂದು ಅಂಕ, ಎರಡು ಅಂಕದ ಲೆಕ್ಕಗಳನ್ನು ಮುಗಿಸಿ ಪ್ರಮೇಯಕ್ಕೆ ಕೈ ಹಾಕುವ ಹೊತ್ತು. ಫ್ಯಾನಿನ ಸದ್ದು ಬಿಟ್ಟರೆ ಕೋಣೆಯಲ್ಲಿ ಪೆನ್ನು ಉಜ್ಜುವ ಸದ್ದಷ್ಟೇ ಇತ್ತು. ಆಗ ಮೇಜಿನ ಮೇಲಿಟ್ಟಿದ್ದ ನನ್ನ ಫೋನು ಗುರ್ರೆಂದಿತು. ನಿಂತಿತು. ಮತ್ತೆ ಗುರ್ರೆಂದಿತು. ನಾನು ಹಿಂದಿನ ಬೆಂಚಿನ ಹತ್ತಿರ ನಿಂತಿದ್ದವಳು ಮೇಜಿನ ಹತ್ತಿರ ಓಡಿ ಬರುವಷ್ಟರಲ್ಲಿ ಏಳು ಸಲ ಆಗಿತ್ತು.

ಸೈಲೆಂಟ್ ಮಾಡಿದ್ದೇನೆ ಎಂದುಕೊಂಡಿದ್ದೆ. ಫೋನ್ ವೈಬ್ರೇಟ್‌ನಲ್ಲಿತ್ತು. ಜೇಬಿನಲ್ಲೋ ಬ್ಯಾಗಿನಲ್ಲೋ ಇದ್ದಾಗ ಗೊತ್ತೇ ಆಗದ ಆ ಕಂಪನ ಮರದ ಮೇಜಿನ ಮೇಲೆ ಎರಡರಷ್ಟು ಕೇಳುತ್ತದೆ. ತಂಬೂರಿಯ ತಂತಿಗೆ ಬುರುಡೆ ಮಾಡುವ ಕೆಲಸವನ್ನೇ ಫೋನಿಗೆ ಮೇಜಿನ ಹಲಗೆ ಮಾಡುತ್ತದೆ. ಏನು ಬಂದಿದೆ ಎಂದು ಆಮೇಲೆ ನೋಡಿದರೆ, ತಾಲ್ಲೂಕಿನ ವಿಷಯ ಶಿಕ್ಷಕರ ಗ್ರೂಪಿನಲ್ಲಿ ಹಿರಿಯರೊಬ್ಬರ ವಯೋನಿವೃತ್ತಿಯ ಸುದ್ದಿ ಬಂದಿತ್ತು. ಉಳಿದವೆಲ್ಲ ಅದಕ್ಕೆ ಬಂದ ಅಭಿನಂದನೆಗಳು. ಅವರು ನನಗೂ ಬೇಕಾದವರೇ, ಸಂಜೆ ನಾನೂ ಶುಭಾಶಯ ಬರೆದೆ. ಆದರೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪ್ರಮೇಯದ ಮಧ್ಯೆ ತಲೆ ಎತ್ತಿದವಳು, ಮತ್ತೆ ತಗ್ಗಿಸಿ ಬರೆದಿದ್ದನ್ನೇ ಮೊದಲಿಂದ ಓದಿಕೊಳ್ಳುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ.

ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಕೊಠಡಿ ಮೇಲ್ವಿಚಾರಕರು ಫೋನನ್ನು ಕೇಂದ್ರದಲ್ಲೇ ಒಪ್ಪಿಸಿ ಒಳಗೆ ಹೋಗಬೇಕು. ಆದರೆ ಎಂಟು, ಒಂಬತ್ತನೇ ತರಗತಿಯ ಪರೀಕ್ಷೆ ನಮ್ಮ ಶಾಲೆಯಲ್ಲಿ, ನಮ್ಮದೇ ಮೇಲ್ವಿಚಾರಣೆಯಲ್ಲಿ ನಡೆಯುತ್ತದೆ. ಫೋನನ್ನು ಸ್ಟಾಫ್ ರೂಮಿನಲ್ಲಿ ಬಿಟ್ಟು ಬನ್ನಿ ಎಂದು ಹೇಳುವವರಿಲ್ಲ. ಹೇಳಿದರೂ, ಕಚೇರಿಯಿಂದ ಕರೆ ಬರಬಹುದು, ಮನೆಯಿಂದ ಬರಬಹುದು ಎಂದು ಎಲ್ಲರೂ ಜೊತೆಗೇ ಇಟ್ಟುಕೊಂಡಿರುತ್ತೇವೆ.

ಅವತ್ತು ಸಂಜೆ ನಮ್ಮ ಶಾಲೆಯ ಸಿಬ್ಬಂದಿ ಗ್ರೂಪಿಗೆ ಒಂದೇ ಸಾಲು ಬರೆದೆ: ‘ಪರೀಕ್ಷೆ ಮುಗಿಯುವವರೆಗೆ ದಯವಿಟ್ಟು ಎಲ್ಲರೂ ಗ್ರೂಪುಗಳನ್ನು ಮ್ಯೂಟ್ ಮಾಡಿಕೊಳ್ಳಿ.’ ಹನ್ನೊಂದು ಜನ ಸಿಬ್ಬಂದಿಯಲ್ಲಿ ಒಂಬತ್ತು ಜನ ಕೈ ಮುಗಿಯುವ ಚಿತ್ರ ಹಾಕಿ ಒಪ್ಪಿದರು. ಆ ಒಂದು ಸಾಲಿನಿಂದ ಆದ ಅನುಕೂಲಕ್ಕಿಂತ ತೊಂದರೆಯೇ ಹೆಚ್ಚು. ಯಾಕೆ ಹಾಗಾಯಿತು ಎಂದು ಒಬ್ಬೊಬ್ಬರನ್ನೇ ಕೇಳಿ ತಿಳಿದುಕೊಂಡ ಮೇಲೆ, ಈ ವರ್ಷದ ಪರೀಕ್ಷೆಗೆ ಮುಂಚೆ ಬೇರೆಯದೇ ಒಂದು ಸಂದೇಶ ಬರೆದೆ. ಅದರ ಕಥೆಯೇ ಈ ಲೇಖನ.

ಮೊದಲನೆಯದಾಗಿ, ನಾಲ್ಕು ಜನ ಏನೂ ಮಾಡಿರಲಿಲ್ಲ. ಒಪ್ಪಿಗೆ ಇಲ್ಲದೆ ಅಲ್ಲ, ಹೇಗೆ ಮಾಡುವುದೆಂದು ಗೊತ್ತಿರಲಿಲ್ಲ. ಎಲ್ಲರ ಮುಂದೆ ಕೇಳಲು ಸಂಕೋಚ. ಇಪ್ಪತ್ತೈದು ವರ್ಷ ಪಾಠ ಮಾಡಿದವರು ಗ್ರೂಪಿನಲ್ಲಿ ‘ಮ್ಯೂಟ್ ಎಂದರೆ ಯಾವುದನ್ನು ಒತ್ತಬೇಕು’ ಎಂದು ಬರೆಯುವುದಿಲ್ಲ. ಇದನ್ನು ನಾನು ಮೊದಲೇ ಊಹಿಸಬೇಕಿತ್ತು. ತರಗತಿಯಲ್ಲಿ ಕೈ ಎತ್ತದ ಮಗುವಿಗೆ ಅರ್ಥವಾಗಿದೆ ಎಂದು ನಾವು ಯಾರೂ ತಿಳಿಯುವುದಿಲ್ಲವಲ್ಲ.

ಹಿಂದಿ ಮೇಡಂ ಮ್ಯೂಟ್ ಮಾಡಿದ್ದರು. ವಾಟ್ಸ್‌ಆ್ಯಪ್ 8 hours, 1 week, Always ಎಂದು ಮೂರು ಅವಧಿ ತೋರಿಸುತ್ತದೆ. ಅವರು ಮೊದಲಿನದನ್ನೇ ಒತ್ತಿದ್ದರು. ಒತ್ತಿದ್ದು ರಾತ್ರಿ ಒಂಬತ್ತಕ್ಕೆ. ಎಂಟು ಗಂಟೆ ಲೆಕ್ಕ ಹಾಕಿದರೆ ಬೆಳಗಿನ ಜಾವ ಐದು. ಅಂದರೆ ಅವರು ಮಲಗಿರುವಷ್ಟು ಹೊತ್ತು ಫೋನು ಸುಮ್ಮನಿತ್ತು. ಶುಭೋದಯದ ಚಿತ್ರಗಳು ಬರತೊಡಗುವ ಹೊತ್ತಿಗೆ ಸರಿಯಾಗಿ ಬಾಯಿ ಬಿಟ್ಟಿತು. ಅವಧಿ ಮುಗಿದಾಗ ವಾಟ್ಸ್‌ಆ್ಯಪ್ ಏನೂ ಹೇಳುವುದಿಲ್ಲ. ಗ್ರೂಪಿನ ಹೆಸರಿನ ಪಕ್ಕದ ಸಣ್ಣ ಗುರುತು ಮಾಯವಾಗುತ್ತದೆ, ಅಷ್ಟೆ. ‘ಮ್ಯೂಟ್ ಮಾಡಿದ್ದೆನಲ್ಲಾ, ಮತ್ತೆ ಹೇಗೆ ಸದ್ದು ಬಂತು’ ಎಂದು ಅವರು ಫೋನೇ ಕೆಟ್ಟಿದೆ ಎಂದುಕೊಂಡಿದ್ದರು.

ಸಮಾಜ ವಿಜ್ಞಾನದ ಸರ್ Always ಆರಿಸಿದ್ದರು. ಎಲ್ಲ ಗ್ರೂಪುಗಳಿಗೂ, ನಮ್ಮ ಸಿಬ್ಬಂದಿ ಗ್ರೂಪಿಗೂ. ಪರೀಕ್ಷೆ ಮುಗಿಯಿತು, ಫಲಿತಾಂಶ ಹಾಕಿದೆವು, ಬೇಸಿಗೆ ರಜೆಯೂ ಕಳೆಯಿತು. ಮೇ ಕೊನೆಯಲ್ಲಿ ಶಾಲಾ ಪ್ರಾರಂಭೋತ್ಸವದ ತಯಾರಿ ಸಭೆಗೆ ಅವರೊಬ್ಬರೇ ಬರಲಿಲ್ಲ. ಸಭೆಯ ಸಂದೇಶ ಅವರ ಫೋನಿಗೆ ಹೋಗಿತ್ತು, ಅದು ಸದ್ದು ಮಾಡಿರಲಿಲ್ಲ. ನಾವೇ ತೆಗೆಯುವವರೆಗೂ Always ಹೋಗುವುದಿಲ್ಲ. 2020ಕ್ಕೆ ಮುಂಚೆ ಆ ಜಾಗದಲ್ಲಿ ಒಂದು ವರ್ಷದ ಅವಧಿ ಇತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಅದನ್ನು ತೆಗೆದು Always ತಂದರು. ಮನೆಯ ಹಳೆಯ ಗ್ರೂಪುಗಳಿಗೆ ಅದು ಸರಿ. ಪರೀಕ್ಷೆ ವಾರಕ್ಕೆ ಅಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ವಿಜ್ಞಾನದ ಮೇಡಂಗೆ ಆದದ್ದು. ಪರೀಕ್ಷೆಯ ನಾಲ್ಕನೇ ದಿನ ಬೆಳಿಗ್ಗೆ ಏಳೂಮುಕ್ಕಾಲಿಗೆ ಮುಖ್ಯೋಪಾಧ್ಯಾಯರು ಸಿಬ್ಬಂದಿ ಗ್ರೂಪಿಗೆ ಒಂದು ಸಂದೇಶ ಹಾಕಿದ್ದರು. ರಾತ್ರಿ ಮಳೆ ಬಂದು ಒಂದು ಕೊಠಡಿ ಸೋರಿದೆ, ಎಂಟನೇ ತರಗತಿಯ ಮಕ್ಕಳನ್ನು ಪ್ರಯೋಗಾಲಯದಲ್ಲಿ ಕೂರಿಸಬೇಕು, ಮೇಡಂ ಅರ್ಧ ಗಂಟೆ ಮುಂಚೆ ಬಂದು ಉಪಕರಣ ಎತ್ತಿಡಬೇಕು ಎಂದು. ಮೇಡಂ ನನ್ನ ಮಾತು ಕೇಳಿ ಎಲ್ಲ ಗ್ರೂಪುಗಳನ್ನೂ ಮುಚ್ಚಿದ್ದರು. ಎಂದಿನ ಬಸ್ಸಿಗೇ ಬಂದರು. ಪ್ರಯೋಗಾಲಯದ ಬೀಗದ ಕೈ ಅವರ ಹತ್ತಿರ. ಮಕ್ಕಳು ಇಪ್ಪತ್ತು ನಿಮಿಷ ವರಾಂಡದಲ್ಲಿ ನಿಂತರು. ತಪ್ಪು ಅವರದಲ್ಲ, ನನ್ನ ಸಾಲಿನದು. ಎಲ್ಲವನ್ನೂ ಮುಚ್ಚಿ ಎಂದವಳು, ಯಾವುದನ್ನು ಮುಚ್ಚಬಾರದು ಎಂದು ಹೇಳಿರಲಿಲ್ಲ.

ಆಗ ಅರ್ಥವಾದದ್ದು ಇದು. ಮ್ಯೂಟ್ ಗುಂಡಿ ಒಂದು ಕಡೆಯ ಕೆಲಸ ಮಾತ್ರ. ಮುಚ್ಚುವವರು ಯಾವ ಬಾಗಿಲನ್ನು ತೆರೆದಿಟ್ಟಿದ್ದಾರೆ ಎಂದು ಕಳುಹಿಸುವವರಿಗೂ ಗೊತ್ತಿರಬೇಕು. ನೀವು ಮ್ಯೂಟ್ ಮಾಡಿದ್ದೀರಿ ಎಂಬುದು ಗ್ರೂಪಿನ ಬೇರೆ ಯಾರಿಗೂ ಕಾಣುವುದಿಲ್ಲ. ಸಂದೇಶ ಎಂದಿನಂತೆ ತಲುಪುತ್ತದೆ, ಎರಡು ಗೆರೆ ಬೀಳುತ್ತವೆ. ಹೆಡ್ ಮಾಸ್ಟರಿಗೆ ಅಷ್ಟು ಕಂಡರೆ ‘ಮುಟ್ಟಿದೆ’ ಎಂದೇ ಅರ್ಥ.

ಈ ವರ್ಷ ಪರೀಕ್ಷೆಗೆ ಹಿಂದಿನ ಭಾನುವಾರ ಸಂಜೆ ನಾನು ಕಳುಹಿಸಿದ ಸಂದೇಶ ಹೀಗಿತ್ತು:

‘ಸಹೋದ್ಯೋಗಿ ಮಿತ್ರರಿಗೆ ನಮಸ್ಕಾರ. ನಾಳೆ ಸೋಮವಾರದಿಂದ ಶನಿವಾರದವರೆಗೆ ಎಂಟು ಮತ್ತು ಒಂಬತ್ತನೇ ತರಗತಿಯ ಪರೀಕ್ಷೆ. ಇವತ್ತು ರಾತ್ರಿ ಊಟಕ್ಕೆ ಮುಂಚೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಈ ಕೆಲಸ ಮಾಡಿ.

ವಾಟ್ಸ್‌ಆ್ಯಪ್ ತೆರೆದು, ಒಂದು ಗ್ರೂಪಿನ ಹೆಸರಿನ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಹಸಿರು ಸರಿ ಗುರುತು ಬರುತ್ತದೆ. ಈಗ ಉಳಿದ ಗ್ರೂಪುಗಳನ್ನು ಒಂದೊಂದೇ ಮುಟ್ಟುತ್ತಾ ಹೋಗಿ. ಎಲ್ಲಕ್ಕೂ ಗುರುತು ಬೀಳುತ್ತದೆ. ನಮ್ಮ ಶಾಲೆಯ ಸಿಬ್ಬಂದಿ ಗ್ರೂಪನ್ನು ಮಾತ್ರ ಮುಟ್ಟಬೇಡಿ. ಆಮೇಲೆ ಪರದೆಯ ಮೇಲ್ಗಡೆ ಅಡ್ಡಗೆರೆ ಎಳೆದ ಗಂಟೆಯ ಚಿತ್ರವಿದೆ, ಕೆಲವು ಫೋನುಗಳಲ್ಲಿ ಸ್ಪೀಕರ್ ಚಿತ್ರ. ಅದನ್ನು ಒತ್ತಿ, 1 week ಆರಿಸಿ, OK ಕೊಡಿ. ಐಫೋನ್ ಇರುವವರು ಗ್ರೂಪ್ ತೆರೆದು ಮೇಲಿನ ಹೆಸರನ್ನು ಮುಟ್ಟಿ, ಅಲ್ಲಿ Mute ಹುಡುಕಿ.

ಮುಂದಿನ ಭಾನುವಾರ ಇದೇ ಹೊತ್ತಿಗೆ ಅದು ತಾನೇ ತೆಗೆದುಹೋಗುತ್ತದೆ. ನೀವು ಏನೂ ಮಾಡಬೇಕಿಲ್ಲ. ಸಂದೇಶಗಳು ಅಳಿಸಿಹೋಗುವುದಿಲ್ಲ, ಸದ್ದು ಮಾಡುವುದಿಲ್ಲ ಅಷ್ಟೆ. ಸಂಜೆ ಬಿಡುವಿದ್ದಾಗ ನೋಡಬಹುದು.

ಈ ವಾರ ಸಿಬ್ಬಂದಿ ಗ್ರೂಪಿನಲ್ಲಿ ಮುಖ್ಯೋಪಾಧ್ಯಾಯರು ಮತ್ತು ನಾನು ಮಾತ್ರ ಬರೆಯುತ್ತೇವೆ. ಅವತ್ತಿಗವತ್ತೇ ಆಗುವ ಬದಲಾವಣೆ ಏನಿದ್ದರೂ ಕರೆ ಮಾಡಿ ಹೇಳುತ್ತೇವೆ. ಪರೀಕ್ಷೆ ನಡೆಯುವಾಗ ಫೋನು ಸ್ಟಾಫ್ ರೂಮಿನಲ್ಲಿರಲಿ. ಮನೆಯವರಿಗೆ ಶಾಲೆಯ ಕಚೇರಿಯ ನಂಬರ್ ಕೊಟ್ಟಿರಿ. ಮ್ಯೂಟ್ ಮಾಡಲು ಗೊತ್ತಾಗದಿದ್ದರೆ ನನಗೆ ಈಗಲೇ ಫೋನ್ ಮಾಡಿ, ಇಲ್ಲವೇ ನಾಳೆ ಒಂಬತ್ತು ಗಂಟೆಗೆ ಬನ್ನಿ, ನಾನೇ ಮಾಡಿಕೊಡುತ್ತೇನೆ.’

ಐದು ಜನ ಫೋನ್ ಮಾಡಿದರು. ಮೂವರು ಬೆಳಿಗ್ಗೆ ಬಂದರು.

ಸಂದೇಶದಲ್ಲಿ ಹೇಳದೆ, ಬಂದವರಿಗೆ ಬಾಯಲ್ಲಿ ಹೇಳಿದ ಕೆಲವು ವಿಷಯಗಳಿವೆ. ಅವು ಬೇರೆ ಶಾಲೆಯವರಿಗೂ ಬೇಕಾಗುವುದರಿಂದ ಇಲ್ಲಿ ವಿವರವಾಗಿ ಬರೆಯುತ್ತೇನೆ.

ಮೊದಲು ಯಾವ ಗ್ರೂಪನ್ನು ಏನು ಮಾಡಬೇಕು ಎಂಬುದು. ಕನ್ನಡ ಮೇಡಂ ಫೋನ್ ಹಿಡಿದುಕೊಂಡು ಬಂದಾಗ ಇಬ್ಬರೂ ಕೂತು ಎಣಿಸಿದೆವು. ಇಪ್ಪತ್ತಮೂರು ಗ್ರೂಪು. ಶಾಲೆಯದು, ಕ್ಲಸ್ಟರಿನದು, ಬಿಇಒ ಕಚೇರಿಯದು, ತಾಲ್ಲೂಕಿನ ಕನ್ನಡ ವಿಷಯ ಶಿಕ್ಷಕರದು, ಜಿಲ್ಲೆಯದು, ಸಂಘದ್ದು ಎರಡು, ಬಿಸಿಯೂಟದ ಲೆಕ್ಕದ್ದು, ಎಸ್‌ಡಿಎಂಸಿಯದು, ಪೋಷಕರದು, ಮಕ್ಕಳದು ಮೂರು, ಬಿಎಡ್ ಬ್ಯಾಚಿನದು, ತವರಿನದು, ಗಂಡನ ಮನೆಯದು, ಮಗಳ ಕಾಲೇಜಿನದು, ಅಪಾರ್ಟ್‌ಮೆಂಟಿನದು, ಯಾವಾಗಲೋ ಮುಗಿದ ತರಬೇತಿಗಳದು ಐದು. ಒಂದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮೊದಲು 256 ಜನರಿಗೆ ಜಾಗವಿತ್ತು. 2022ರಲ್ಲಿ ಅದು 512 ಆಗಿ, ಅದೇ ವರ್ಷ 1,024ಕ್ಕೆ ಏರಿತು. ಒಂದು ಜಿಲ್ಲೆಯ ವಿಷಯ ಶಿಕ್ಷಕರೆಲ್ಲ ಒಂದೇ ಗ್ರೂಪಿನಲ್ಲಿ ಹಿಡಿಯುವುದು ಅದರಿಂದಲೇ. ಒಬ್ಬರು ಒಳ್ಳೆಯ ಸುದ್ದಿ ಹಾಕಿದರೆ ನೂರು ಜನ ಶುಭ ಕೋರುವುದೂ ಅದರಿಂದಲೇ.

ತರಬೇತಿ ಮುಗಿದ ಐದು ಗ್ರೂಪುಗಳಿಗೆ Always ಕೊಟ್ಟು ಆರ್ಕೈವ್ ಮಾಡಿದೆವು. ಆರ್ಕೈವ್ ಎಂದರೆ ಗ್ರೂಪನ್ನು ಮುಖ್ಯ ಪಟ್ಟಿಯಿಂದ ತೆಗೆದು ಒಳಗಿಡುವುದು. ಹಿಂದೆಲ್ಲ ಹೊಸ ಸಂದೇಶ ಬಂದ ತಕ್ಷಣ ಅದು ಮತ್ತೆ ಮೇಲೆ ಬರುತ್ತಿತ್ತು. 2021ರಿಂದ ಹಾಗಾಗುವುದಿಲ್ಲ, ಒಳಗಿಟ್ಟದ್ದು ಒಳಗೇ ಇರುತ್ತದೆ. ಶಾಲೆಯ ಗ್ರೂಪು ಮತ್ತು ಮಗಳ ಕಾಲೇಜಿನದನ್ನು ಮುಟ್ಟಲಿಲ್ಲ. ಉಳಿದ ಹದಿನಾರಕ್ಕೆ ಒಂದು ವಾರದ ಮ್ಯೂಟ್.

ಬಿಇಒ ಕಚೇರಿಯ ಗ್ರೂಪನ್ನೂ ಸೇರಿಸಿದ್ದಕ್ಕೆ ಮೇಡಂ ಗಾಬರಿಯಾದರು. ‘ಏನಾದ್ರೂ ಅರ್ಜೆಂಟ್ ಮಾಹಿತಿ ಕೇಳಿದ್ರೆ?’ ಎಂದರು. ಪ್ರಶ್ನೆ ಸರಿಯಾದದ್ದೇ. ಅದಕ್ಕೆ ನಾನು ಮುಖ್ಯೋಪಾಧ್ಯಾಯರ ಹತ್ತಿರ ಮೊದಲೇ ಮಾತಾಡಿಕೊಂಡಿದ್ದೆ. ಮೇಲಿನ ಕಚೇರಿಯ ಗ್ರೂಪನ್ನು ಈ ವಾರ ಅವರೊಬ್ಬರೇ ನೋಡುತ್ತಾರೆ, ನಮಗೆ ಬೇಕಾದದ್ದನ್ನು ಅವರೇ ತಿಳಿಸುತ್ತಾರೆ. ಹನ್ನೊಂದು ಜನರೂ ಒಂದೇ ಸುತ್ತೋಲೆಗೆ ಕಿವಿ ಕೊಟ್ಟು ಕೂರುವ ಅಗತ್ಯವಿಲ್ಲ. ಈ ಒಪ್ಪಂದ ಆಗದೆ ಕಚೇರಿ ಗ್ರೂಪನ್ನು ಮ್ಯೂಟ್ ಮಾಡಬೇಡಿ ಎಂದು ಬೇರೆ ಶಾಲೆಯವರಿಗೆ ಹೇಳುತ್ತೇನೆ. ಹೋದ ವರ್ಷ ವರಾಂಡದಲ್ಲಿ ನಿಂತ ಮಕ್ಕಳು ನನ್ನ ಕಣ್ಣ ಮುಂದೆ ಇದ್ದಾರೆ.

ಎರಡನೆಯದು, ಮ್ಯೂಟ್ ಮಾಡಿದರೂ ಸದ್ದು ಬರುವ ಸಂದರ್ಭಗಳಿವೆ. ಗ್ರೂಪಿನಲ್ಲಿ ಯಾರಾದರೂ @ ಹಾಕಿ ನಿಮ್ಮ ಹೆಸರು ಆರಿಸಿ ಬರೆದರೆ, ಇಲ್ಲವೇ ನಿಮ್ಮ ಸಂದೇಶವನ್ನೇ ಎಳೆದು ಅದಕ್ಕೆ ಉತ್ತರಿಸಿದರೆ, ಮ್ಯೂಟ್ ಇದ್ದರೂ ಸೂಚನೆ ಬರುತ್ತದೆ. ಆರ್ಕೈವ್ ಮಾಡಿದ ಗ್ರೂಪಿಗೂ ಹೀಗೇ. ಇದರಿಂದ ಅನುಕೂಲವೂ ಇದೆ, ಅನನುಕೂಲವೂ ಇದೆ. ಕ್ಲಸ್ಟರಿನ ಸಿಆರ್‌ಪಿಗೆ ನಿಮ್ಮೊಬ್ಬರಿಂದಲೇ ಏನಾದರೂ ಬೇಕಿದ್ದರೆ ನಿಮ್ಮ ಹೆಸರು ಹಾಕಿ ಕರೆಯಬಹುದು, ಅದು ನಿಮಗೆ ತಲುಪುತ್ತದೆ. ಆದರೆ ಬೆಳಿಗ್ಗೆ ಹೊರಡುವಾಗ ಯಾವುದೋ ಚರ್ಚೆಗೆ ಒಂದು ಮಾತು ಸೇರಿಸಿ ಬಂದಿರಿ ಎಂದುಕೊಳ್ಳಿ, ಅದಕ್ಕೆ ಬರುವ ಒಂದೊಂದು ಉತ್ತರವೂ ಫೋನನ್ನು ಎಬ್ಬಿಸುತ್ತದೆ. ಪಿಇ ಸರ್‌ಗೆ ಮಂಗಳವಾರ ಹೀಗೇ ಆಯಿತು. ಕ್ರೀಡಾಕೂಟದ ಹಳೆಯ ಫೋಟೊ ಹಾಕಿ ಬಂದಿದ್ದರು. ಆದ್ದರಿಂದ ಮ್ಯೂಟ್ ಮಾಡಿದ ವಾರ ಆ ಗ್ರೂಪುಗಳಲ್ಲಿ ನಾವೂ ಬರೆಯದಿರುವುದು ಒಳ್ಳೆಯದು.

ಕರೆಗಳ ವಿಷಯವೇ ಬೇರೆ. ಮ್ಯೂಟ್ ಸಂದೇಶದ ಸದ್ದನ್ನು ತಡೆಯುತ್ತದೆ, ಕರೆಯನ್ನು ತಡೆಯುವುದಿಲ್ಲ. ಬ್ಯಾಂಕಿನ ಎಸ್‌ಎಂಎಸ್, ಇಮೇಲ್, ಬೇರೆ ಆ್ಯಪುಗಳ ಸೂಚನೆ ಯಾವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮ್ಯೂಟ್ ಮಾಡಿದೆನಲ್ಲ ಎಂದು ಪರೀಕ್ಷಾ ಕೊಠಡಿಯ ಮೇಜಿನ ಮೇಲೆ ಫೋನಿಟ್ಟರೆ ಹೋದ ವರ್ಷದ್ದೇ ಕಥೆ. ಕೊಠಡಿಗೆ ಫೋನ್ ತರಬೇಡಿ ಎಂದು ಸಂದೇಶದಲ್ಲಿ ಸೇರಿಸಿದ್ದು ಅದಕ್ಕೇ.

ಮನೆಯಲ್ಲಿ ವಯಸ್ಸಾದವರು, ಚಿಕ್ಕ ಮಕ್ಕಳು ಇರುವವರಿಗೆ ಇದು ಕಷ್ಟ ಎಂದು ಗೊತ್ತು. ಹೋದ ವರ್ಷ ಫೋನನ್ನೇ ಆಫ್ ಮಾಡಿದ್ದ ಸಹೋದ್ಯೋಗಿಯೊಬ್ಬರಿಗೆ, ಮಗನಿಗೆ ಜ್ವರ ಬಂದಿದೆ ಎಂದು ಅವನ ಶಾಲೆಯಿಂದ ಬಂದ ಕರೆ ಮಧ್ಯಾಹ್ನದವರೆಗೆ ತಲುಪಲಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಶಾಲೆಯ ಕಚೇರಿಯ ನಂಬರೇ ಸರಿಯಾದ ದಾರಿ. ನಮ್ಮಲ್ಲಿ ಗುಮಾಸ್ತರು ಚೀಟಿ ಕಳುಹಿಸುತ್ತಾರೆ, ಬದಲಿ ಮೇಲ್ವಿಚಾರಕರು ಬಂದು ನಿಲ್ಲುತ್ತಾರೆ. ಉಳಿದ ಹೊತ್ತಿಗೆ, ಅಂದರೆ ಸಂಜೆ ಉತ್ತರಪತ್ರಿಕೆ ತಿದ್ದುವಾಗ, ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ Do Not Disturb ಉಪಯೋಗಕ್ಕೆ ಬರುತ್ತದೆ. ಇದು ವಾಟ್ಸ್‌ಆ್ಯಪಿಗೆ ಮಾತ್ರವಲ್ಲ, ಇಡೀ ಫೋನಿಗೆ ಹಾಕುವ ಬೀಗ. ಅದರಲ್ಲಿ ಆಯ್ದ ಜನರಿಗೆ ದಾರಿ ಬಿಡಬಹುದು. ಆಂಡ್ರಾಯ್ಡ್ ಫೋನಿನ ಸಂಪರ್ಕ ಪಟ್ಟಿಯಲ್ಲಿ ಯಾರ ಹೆಸರಿಗೆ ನಕ್ಷತ್ರದ ಗುರುತು ಹಾಕಿರುತ್ತೀರೋ ಅವರ ಕರೆ ಮಾತ್ರ ಬರಲಿ ಎಂದು ಆರಿಸಬಹುದು. ಇನ್ನೊಂದು ಅನುಕೂಲವೂ ಇದೆ: ಒಂದೇ ನಂಬರಿನಿಂದ ಹದಿನೈದು ನಿಮಿಷದೊಳಗೆ ಎರಡನೇ ಸಲ ಕರೆ ಬಂದರೆ ಅದನ್ನು ಬಿಡು ಎಂದು ಹೇಳಬಹುದು. ಐಫೋನಿನಲ್ಲಿ ಆ ಅವಧಿ ಮೂರು ನಿಮಿಷ. ನಾನು ಅಮ್ಮನಿಗೆ ಇಷ್ಟೇ ಹೇಳಿದ್ದೇನೆ: ‘ಜರೂರಿದ್ರೆ ಬೆನ್ನುಬೆನ್ನಿಗೆ ಎರಡು ಸಲ ಮಾಡಮ್ಮ.’

ಸರಿಯಾಗಿ ಆಗಿದೆಯೇ ಎಂದು ತಿಳಿಯುವುದು ಹೇಗೆ? ಗ್ರೂಪಿನ ಹೆಸರಿನ ಸಾಲಿನಲ್ಲಿ ಅಡ್ಡಗೆರೆಯ ಸಣ್ಣ ಗುರುತು ಇರಬೇಕು. ಅದರ ಮೇಲೂ ನಂಬಿಕೆ ಬಾರದಿದ್ದರೆ ಪಕ್ಕದಲ್ಲಿ ಕೂತವರಿಗೆ ಆ ಗ್ರೂಪಿನಲ್ಲಿ ಒಂದು ಸಂದೇಶ ಹಾಕಲು ಹೇಳಿ, ನಿಮ್ಮ ಫೋನನ್ನು ಪರದೆ ಆರಿಸಿ ಮರದ ಮೇಜಿನ ಮೇಲಿಡಿ. ಗುರ್ರೆನ್ನದಿದ್ದರೆ ಆಗಿದೆ ಎಂದರ್ಥ. ಸ್ಟಾಫ್ ರೂಮಿನಲ್ಲಿ ಎಂಟು ಫೋನುಗಳನ್ನು ಹೀಗೆ ಸಾಲಾಗಿ ಇಟ್ಟು ನೋಡಿದೆವು. ಒಂದು ಮಾತ್ರ ಕೂಗಿತು. ಅದರ ಮಾಲೀಕರು 1 week ಮುಟ್ಟಿ, OK ಒತ್ತದೆ ಹಿಂದಕ್ಕೆ ಬಂದುಬಿಟ್ಟಿದ್ದರು.

ಅವಧಿಯ ಲೆಕ್ಕಕ್ಕೆ ಮತ್ತೆ ಬರುತ್ತೇನೆ. ಯಾಕೆಂದರೆ ಹೆಚ್ಚಿನ ಎಡವಟ್ಟು ಅಲ್ಲೇ. ಆರು ವಿಷಯ, ಸೋಮವಾರದಿಂದ ಶನಿವಾರಕ್ಕೆ ಆರು ದಿನ. ಭಾನುವಾರ ಸಂಜೆ ಏಳಕ್ಕೆ ಮ್ಯೂಟ್ ಮಾಡಿದರೆ ಮುಂದಿನ ಭಾನುವಾರ ಸಂಜೆ ಏಳಕ್ಕೆ ಮುಗಿಯುತ್ತದೆ. ನಮ್ಮ ಶಾಲಾ ಪರೀಕ್ಷೆಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ಎಸ್ಸೆಸ್ಸೆಲ್ಸಿಗೆ ಕೂರುವುದಿಲ್ಲ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1 ಮಾರ್ಚ್ 21ಕ್ಕೆ ಶುರುವಾಗಿ ಏಪ್ರಿಲ್ 4ಕ್ಕೆ ಮುಗಿಯಿತು. ಹದಿನೈದು ದಿನ. ಹಿಂದಿನ ಸಂಜೆ, ಅಂದರೆ ಮಾರ್ಚ್ 20ಕ್ಕೆ ಮ್ಯೂಟ್ ಮಾಡಿದ್ದರೆ ಮಾರ್ಚ್ 27ರ ಸಂಜೆಗೆ ಅವಧಿ ಮುಗಿದುಹೋಗುತ್ತಿತ್ತು, ಪರೀಕ್ಷೆ ಅರ್ಧದಲ್ಲಿರುವಾಗ. ಅಂಥ ಕೆಲಸಕ್ಕೆ ನಿಯೋಜನೆಗೊಂಡವರು ಎರಡನೇ ವಾರಕ್ಕೆ ಇನ್ನೊಮ್ಮೆ ಮ್ಯೂಟ್ ಮಾಡಲು ಕ್ಯಾಲೆಂಡರಿನಲ್ಲೇ ಬರೆದಿಟ್ಟುಕೊಳ್ಳಬೇಕು. ಎಂಟು ಗಂಟೆಯ ಮ್ಯೂಟ್ ಉಪಯೋಗವಿಲ್ಲದ್ದೇನಲ್ಲ. ಬೆಳಿಗ್ಗೆ ಎಂಟೂವರೆಗೆ ಹಾಕಿದರೆ ಸಂಜೆ ನಾಲ್ಕೂವರೆಗೆ ಬಿಡುತ್ತದೆ, ಒಂದು ಶಾಲಾ ದಿನಕ್ಕೆ ಸರಿಯಾಗುತ್ತದೆ. ಅದನ್ನು ದಿನವೂ ನೆನಪಿಟ್ಟು ಹಾಕುವವರಿಗೆ ಮಾತ್ರ.

ಸಿಬ್ಬಂದಿ ಗ್ರೂಪನ್ನು ತೆರೆದಿಟ್ಟ ಮೇಲೆ ಅದರಲ್ಲೇ ‘ಓಕೆ ಸರ್’, ‘ಸರಿ ಸರ್’ಗಳ ಮಳೆ ಸುರಿಯಬಾರದು. ಅದಕ್ಕೆ ಮುಖ್ಯೋಪಾಧ್ಯಾಯರ ಫೋನಿನಲ್ಲಿ ಒಂದು ಬದಲಾವಣೆ ಮಾಡಿದೆವು. ಅವರು ಗ್ರೂಪಿನ ಅಡ್ಮಿನ್. ಗ್ರೂಪಿನ ಹೆಸರನ್ನು ಮುಟ್ಟಿ, Group permissions ಒಳಗೆ ಹೋದರೆ ಸದಸ್ಯರು ಸಂದೇಶ ಕಳುಹಿಸಬಹುದು ಎಂಬ ಅನುಮತಿ ಇದೆ; ಅದನ್ನು ಆರಿಸಿದರೆ ಅಡ್ಮಿನ್‌ಗಳು ಮಾತ್ರ ಬರೆಯಬಹುದು, ಉಳಿದವರು ಓದಬಹುದು. 2018ರಿಂದಲೇ ಈ ಸೌಲಭ್ಯವಿದೆ. ಮಕ್ಕಳ ಗ್ರೂಪುಗಳಿಗೂ ಪರೀಕ್ಷೆಯ ವಾರ ಹೀಗೇ ಮಾಡಿದೆ. ಪರೀಕ್ಷೆಯ ಹಿಂದಿನ ರಾತ್ರಿ ‘ನಾಳೆ ಇದೇ ಪ್ರಶ್ನೆ ಬರುತ್ತದಂತೆ’ ಎಂಬ ಫಾರ್ವರ್ಡುಗಳು ಹರಿದಾಡುವುದು, ಅದನ್ನು ನಂಬಿದ ಮಕ್ಕಳು ಓದಿದ್ದನ್ನು ಬಿಟ್ಟು ಅದರ ಬೆನ್ನು ಹತ್ತುವುದು ನಮಗೆಲ್ಲ ಗೊತ್ತಿರುವುದೇ. ಪರೀಕ್ಷೆ ಮುಗಿದ ದಿನ ಅನುಮತಿಯನ್ನು ವಾಪಸ್ ಕೊಡಬೇಕು. ಅದು ತಾನಾಗಿ ಬದಲಾಗುವುದಿಲ್ಲ.

ಕೊಠಡಿಯಲ್ಲಿ ಫೋನೇ ಇಲ್ಲದಿದ್ದರೆ ಸಂಜೆಯೂ ಮ್ಯೂಟ್ ಯಾಕೆ ಎಂದು ಒಬ್ಬರು ಕೇಳಿದರು. ಉತ್ತರಪತ್ರಿಕೆಗಳಿಗಾಗಿ. 2015ರಲ್ಲಿ ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಗಮನವಿಟ್ಟು ಮಾಡಬೇಕಾದ ಕೆಲಸವೊಂದನ್ನು ಕೊಟ್ಟು, ಮಧ್ಯದಲ್ಲಿ ಫೋನಿಗೆ ಸೂಚನೆ ಬರುವಂತೆ ಮಾಡಿ ನೋಡಿದರು. ಫೋನನ್ನು ಮುಟ್ಟದೆ, ಬಂದದ್ದೇನೆಂದು ನೋಡದೆ ಇದ್ದವರ ಕೆಲಸದಲ್ಲೂ ತಪ್ಪು ಹೆಚ್ಚಿತು. ಕೆಲಸದ ಮಧ್ಯೆ ಫೋನನ್ನು ಬಳಸುವುದರಿಂದ ಎಷ್ಟು ಅಡ್ಡಿಯಾಗುತ್ತದೋ ಹೆಚ್ಚುಕಡಿಮೆ ಅಷ್ಟೇ ಅಡ್ಡಿ, ಬರೀ ಸೂಚನೆ ಬಂದದ್ದರಿಂದ. ಏನಿರಬಹುದು ಎಂದು ಮನಸ್ಸು ಅತ್ತ ಹೋಗುವುದೇ ಸಾಕು.

ಇದನ್ನು ಓದಿದಾಗ ನನಗೆ ಅಂಕ ಕೂಡಿಸುವ ಕೆಲಸ ನೆನಪಾಯಿತು. ಪ್ರಶ್ನೆಗೊಂದು ಅಂಕ, ಪುಟಕ್ಕೊಂದು ಮೊತ್ತ, ಕೊನೆಗೆ ಮುಖಪುಟದ ಮೇಲೆ ಒಟ್ಟು. ಮಧ್ಯೆ ಎಲ್ಲೋ ಒಂದು ‘ಟಿಂಗ್’. ನಾನು ಫೋನ್ ನೋಡಲಿಲ್ಲ ನಿಜ, ಆದರೆ ಹದಿನೇಳಕ್ಕೆ ಮೂರು ಕೂಡಿಸಿದ್ದೆನೋ ನಾಲ್ಕೋ? ಹೋದ ವರ್ಷ ನಾನು ತಿದ್ದಿದ ನಲವತ್ತೆರಡು ಪತ್ರಿಕೆಗಳನ್ನು ಮುಖ್ಯೋಪಾಧ್ಯಾಯರು ಪರಿಶೀಲಿಸಿದಾಗ ಎರಡರಲ್ಲಿ ಮೊತ್ತ ತಪ್ಪಿತ್ತು. ಒಂದು ಮಗುವಿಗೆ ಎರಡು ಅಂಕ ಕಡಿಮೆ ಬಿದ್ದಿತ್ತು. ಫೋನಿನಿಂದಲೇ ಆಯಿತೆಂದು ಪ್ರಮಾಣ ಮಾಡಲಾರೆ. ಈ ವರ್ಷ ಫೋನನ್ನು ಪಕ್ಕದ ಕೋಣೆಯಲ್ಲಿ ಚಾರ್ಜಿಗೆ ಹಾಕಿ ತಿದ್ದಿದೆ.

ಈ ಮಾರ್ಚ್‌ನ ಆ ವಾರದಲ್ಲಿ ಒಂದೇ ಒಂದು ತುರ್ತು ಬಂತು. ಗುರುವಾರ ಬೆಳಿಗ್ಗೆ ಒಬ್ಬ ಸಹೋದ್ಯೋಗಿಗೆ ಹುಷಾರಿಲ್ಲವಾಗಿ ಮೇಲ್ವಿಚಾರಣೆಯ ಕೊಠಡಿಗಳನ್ನು ಬದಲಿಸಬೇಕಾಯಿತು. ಮುಖ್ಯೋಪಾಧ್ಯಾಯರು ಗ್ರೂಪಿಗೆ ಹಾಕಲಿಲ್ಲ. ಸಂಬಂಧಪಟ್ಟ ಮೂವರಿಗೆ ಕರೆ ಮಾಡಿದರು. ನಾಲ್ಕು ನಿಮಿಷದಲ್ಲಿ ಮುಗಿಯಿತು. ಭಾನುವಾರ ಸಂಜೆ ಏಳಕ್ಕೆ ಗ್ರೂಪುಗಳು ಮತ್ತೆ ಮಾತಾಡಲು ಶುರುಮಾಡಿದಾಗ ಕನ್ನಡ ಮೇಡಂ ಫೋನಿನಲ್ಲಿ ಓದದ ಸಂದೇಶಗಳು ಆರುನೂರಕ್ಕೂ ಹೆಚ್ಚಿದ್ದವು. ಇಬ್ಬರೂ ಮೇಲಿಂದ ಕೆಳಗೆ ನೋಡಿದೆವು. ಅವರು ಉತ್ತರಿಸಲೇಬೇಕಾಗಿದ್ದವು ಎರಡು, ಎರಡಕ್ಕೂ ಸೋಮವಾರದವರೆಗೆ ಸಮಯವಿತ್ತು.

ಈ ಪತ್ರಿಕೆ ಓದುವ ಮುಖ್ಯೋಪಾಧ್ಯಾಯರಲ್ಲಿ, ಸಿಆರ್‌ಪಿಗಳಲ್ಲಿ, ಕಚೇರಿಗಳಲ್ಲಿ ಗ್ರೂಪು ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಪರೀಕ್ಷೆಯ ವಾರ ಶಿಕ್ಷಕರಿಂದ ಮಾಹಿತಿ ಬೇಕಿದ್ದರೆ ಸಂಜೆ ಐದರ ಮೇಲೆ, ಮಾರನೆಯ ದಿನದ ಗಡುವು ಕೊಟ್ಟು ಕೇಳಿ. ಅವತ್ತೇ ಬೇಕೆಂದರೆ ಶಾಲೆಗೆ ಒಂದು ಕರೆ ಮಾಡಿ.